ಎಳ್ಳಮಾಸಿ ಹಿಂದಿನ ದಿನ, ತಾರೀಖು ಯಾವುದು?

ಮಾಕಣಿ ಕೆಳ ತೇರಣಾ ಅಣೆಕಟ್ಟೆಯ ಊರು. ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ಹಲವು ಹಳ್ಳಿಗಳಂತೆ ಇಲ್ಲಿಯೂ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಸರ್ಕಾರಿ ಕಾಗದ ಮರಾಠಿ. ವರ್ಷದ ಲೆಕ್ಕವನ್ನು ಕ್ಯಾಲೆಂಡರಿಗಿಂತ ಹಬ್ಬಗಳು ಹೆಚ್ಚು ಹಿಡಿದಿಡುತ್ತವೆ. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟಿ, ಪಾಂಡವರೆಂದು ಐದು ಕಲ್ಲು ಇಟ್ಟು ಪೂಜಿಸಿ, ಭಜ್ಜಿ ಅಂಬಲಿ ಉಣ್ಣುವ ಎಳ್ಳಮಾಸಿಯನ್ನು ಯಾರೂ ಮರೆಯುವುದಿಲ್ಲ. ಹೀಗಾಗಿ ಬ್ಯಾಂಕಿಗೆ ಬರೆಯುವ ತಕರಾರು ಅರ್ಜಿಯಲ್ಲೂ ಆ ಹಬ್ಬ ಸಹಜವಾಗಿ ನುಸುಳುತ್ತದೆ.

ಕೆಳಗಿನ ಪತ್ರ ಈ ಅಂಕಣಕ್ಕಾಗಿ ಕಟ್ಟಿದ ಮಾದರಿ. ಇದರ ರೈತನೂ ಬ್ಯಾಂಕೂ ಕಲ್ಪಿತ. ಆದರೆ ಇದರಲ್ಲಿರುವ ಒಂದೊಂದು ತಪ್ಪೂ ಇಂಥ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವಂಥದು.

“ಮಾನ್ಯ ಮ್ಯಾನೇಜರ್ ಸಾಹೇಬರಿಗೆ, 2024ರ ಎಳ್ಳಮಾಸಿ ಹಿಂದಿನ ದಿನ ಉಮರ್ಗಾದಲ್ಲಿ ನಿಮ್ಮ ಎಟಿಎಂಗೆ ಹೋಗಿದ್ದೆ. ಮಷೀನ್ ಕೆಟ್ಟಿತ್ತು. ನನ್ನ ಖಾತೆಯಿಂದ ಹತ್ತು ಸಾವಿರ ಹೋಯಿತು. ಎಷ್ಟೋ ಸಲ ಬ್ಯಾಂಕಿಗೆ ಅಡ್ಡಾಡಿದೆ, ಯಾರೂ ಕೇಳಲಿಲ್ಲ. ಬಡ ರೈತರಿಗೆ ಹೀಗೆ ಮಾಡುವುದು ಸರಿಯೇ? ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕು.”

ಓದಿದವರಿಗೆ ಕನಿಕರ ಹುಟ್ಟುತ್ತದೆ, ಬರೆದವನ ಮೇಲೆ ನಂಬಿಕೆಯೂ ಹುಟ್ಟುತ್ತದೆ. ಆದರೂ ಈ ಪತ್ರ ಹಿಡಿದು ಬ್ಯಾಂಕಿನ ನೌಕರ ಮಾಡಬಹುದಾದ ಕೆಲಸ ಒಂದೂ ಇಲ್ಲ. ಯಾವ ಯಂತ್ರದ ಯಾವ ದಿನದ ಲೆಕ್ಕ ತೆಗೆಯಬೇಕು, ಕೊನೆಗೆ ಏನು ಕೊಡಬೇಕು ಎಂಬ ಎರಡು ಪ್ರಶ್ನೆಗೂ ಇದರಲ್ಲಿ ಉತ್ತರ ಸಿಗುವುದಿಲ್ಲ.

ಮೊದಲು ತಾರೀಖನ್ನೇ ನೋಡಬೇಕು. 2024ರಲ್ಲಿ ಎಳ್ಳಮಾಸಿ ಎರಡು ಸಲ ಬಂತು. ಒಂದು ಜನವರಿ 11ರ ಗುರುವಾರ, ಇನ್ನೊಂದು ಡಿಸೆಂಬರ್ 30ರ ಸೋಮವಾರ. ಚಾಂದ್ರಮಾನದ ತಿಂಗಳು ಹಿಂದೆ ಸರಿಯುವುದರಿಂದ ಕೆಲವು ವರ್ಷ ಹೀಗಾಗುತ್ತದೆ. ಬರೆದವನಿಗೆ ತಾನು ಹೋದದ್ದು ಜನವರಿಯಲ್ಲಿ ಎಂಬುದರಲ್ಲಿ ಅನುಮಾನವೇ ಇಲ್ಲ. ಆದರೆ ಕಡತ ವರ್ಷದ ಕೊನೆಯಲ್ಲಿ ಇನ್ನೊಬ್ಬ ಅಧಿಕಾರಿಯ ಮೇಜಿಗೆ ಬಂದರೆ ಆತನಿಗೆ ಎರಡು ದಿನ ಕಾಣುತ್ತವೆ. “10 ಜನವರಿ 2024, ಬುಧವಾರ” ಎಂದು ತಿಂಗಳನ್ನು ಅಕ್ಷರದಲ್ಲಿ ಬರೆದು ವಾರವನ್ನೂ ಸೇರಿಸಿದರೆ ಗೊಂದಲಕ್ಕೆ ಎಡೆಯಿಲ್ಲ. ವಾರ ಬರೆಯುವುದರಿಂದ ಇನ್ನೊಂದು ಉಪಯೋಗವಿದೆ. ತಾರೀಖು ತಪ್ಪಿದ್ದರೆ ವಾರ ಹೊಂದುವುದಿಲ್ಲ, ತಪ್ಪು ಬರೆದವರ ಕಣ್ಣಿಗೇ ಮೊದಲು ಬೀಳುತ್ತದೆ.

ಈ ತಾರೀಖನ್ನು ನೆನಪಿನಿಂದ ಬರೆಯಬಾರದು, ಚೀಟಿಯಿಂದಲೋ ಮೊಬೈಲ್ ಸಂದೇಶದಿಂದಲೋ ಎತ್ತಿಕೊಳ್ಳಬೇಕು. ಎಟಿಎಂನಿಂದ ಹೊರಬಂದ ಚೀಟಿಯಲ್ಲಿ ದಿನ, ಗಂಟೆ-ನಿಮಿಷ, ಯಂತ್ರದ ಗುರುತಿನ ಸಂಖ್ಯೆ ಮತ್ತು ವ್ಯವಹಾರದ ಸಂಖ್ಯೆ ಇರುತ್ತವೆ. ವ್ಯವಹಾರದ ಸಂಖ್ಯೆ ಸಾಮಾನ್ಯವಾಗಿ RRN ಎಂಬ ಅಕ್ಷರಗಳ ಮುಂದೆ ಹನ್ನೆರಡು ಅಂಕಿಗಳಲ್ಲಿ ಇರುತ್ತದೆ. ಈ ಹನ್ನೆರಡು ಅಂಕಿಗಳೇ ಬ್ಯಾಂಕಿನ ಕಂಪ್ಯೂಟರಿನಲ್ಲಿ ಆ ಒಂದು ವ್ಯವಹಾರದ ಹೆಸರು. ಚೀಟಿಯ ಕಾಗದ ಶಾಖಕ್ಕೆ ಕಪ್ಪಾಗುವ ಬಗೆಯದು. ಅಂಗಿಯ ಕಿಸೆಯಲ್ಲಿ, ಬಿಸಿಲಲ್ಲಿ ಕೆಲವು ವಾರ ಇದ್ದರೆ ಅಕ್ಷರ ಮಾಸುತ್ತದೆ. ಅದಕ್ಕೇ ಅದೇ ದಿನ ಝೆರಾಕ್ಸ್ ಮಾಡಿಸಿ ಮೂಲವನ್ನು ಮನೆಯಲ್ಲಿಟ್ಟುಕೊಂಡು ಪ್ರತಿಯನ್ನು ಮಾತ್ರ ಅರ್ಜಿಗೆ ಜೋಡಿಸಬೇಕು. ಚೀಟಿಯೇ ಬರದಿದ್ದರೆ ಖಾತೆಯಿಂದ ಹಣ ಕಡಿತವಾಯಿತೆಂಬ ಮೊಬೈಲ್ ಸಂದೇಶ ಸಾಕು, ಅದರಲ್ಲೂ ದಿನ ಮತ್ತು ಮೊತ್ತ ಇರುತ್ತವೆ.

ಇನ್ನು “ಮಷೀನ್ ಕೆಟ್ಟಿತ್ತು” ಎಂಬ ಮಾತು. ಇದು ಆತ ಕಂಡದ್ದಲ್ಲ, ಕಂಡದ್ದರಿಂದ ಊಹಿಸಿದ್ದು. ಆತನಿಗೆ ಯಂತ್ರದ ಒಳಗು ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ. ಬ್ಯಾಂಕಿನವರು ದಾಖಲೆ ತೆಗೆದು “ಆ ದಿನ ಯಂತ್ರ ಸುಸ್ಥಿತಿಯಲ್ಲಿತ್ತು, ಅದಕ್ಕೂ ಮೊದಲೂ ಆಮೇಲೂ ಗ್ರಾಹಕರು ಹಣ ಪಡೆದಿದ್ದಾರೆ” ಎಂದು ಬರೆದರೆ ಆ ಒಂದು ಸಾಲಿನಿಂದ ಇಡೀ ಪತ್ರ ಸುಳ್ಳಿನಂತೆ ತೋರುತ್ತದೆ. ಕಂಡದ್ದನ್ನೇ ಬರೆದರೆ ಈ ಅಪಾಯವಿಲ್ಲ: “ಪಿನ್ ಒತ್ತಿ 10,000 ರೂಪಾಯಿ ಕೇಳಿದೆ. ಒಳಗೆ ನೋಟು ಎಣಿಸುವ ಸದ್ದು ಬಂತು. ಹಣ ಬರುವ ಬಾಗಿಲು ತೆರೆಯಲಿಲ್ಲ. ಕಾರ್ಡ್ ವಾಪಸ್ ಬಂತು. ಒಂದು ನೋಟೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೊಬೈಲಿಗೆ 10,000 ರೂಪಾಯಿ ಕಡಿತವಾದ ಸಂದೇಶ ಬಂತು.”

ಇಲ್ಲಿ ನೋಟು ಎಣಿಸುವ ಸದ್ದು ಸಣ್ಣ ಸಂಗತಿಯಲ್ಲ. ಖಾತೆಯಿಂದ ಹಣ ಕಡಿತವಾಗಿ ಕೈಗೆ ಬಾರದಿರುವುದು ಹಲವು ರೀತಿಯಲ್ಲಿ ಆಗುತ್ತದೆ. ಕಡಿತದ ಆದೇಶ ಹೋದ ಮೇಲೆ ಸಂಪರ್ಕ ಕಡಿದುಹೋದರೆ ಯಂತ್ರ ನೋಟನ್ನು ಎತ್ತುವುದೇ ಇಲ್ಲ. ಅಂಥ ವ್ಯವಹಾರ ಅಪೂರ್ಣವೆಂದು ಕಂಪ್ಯೂಟರಿಗೇ ಗೊತ್ತಾಗುವುದರಿಂದ ಹಣ ಬಹುಮಟ್ಟಿಗೆ ತಾನಾಗಿಯೇ ಮರಳುತ್ತದೆ. ಆದರೆ ಎಣಿಸಿದ ನೋಟು ದಾರಿಯಲ್ಲಿ ಸಿಕ್ಕಿಹಾಕಿಕೊಂಡು, ತಿರಸ್ಕೃತ ನೋಟುಗಳ ಪೆಟ್ಟಿಗೆಗೆ ಬಿದ್ದು, ಯಂತ್ರ ಮಾತ್ರ “ಕೊಟ್ಟೆ” ಎಂದು ಬರೆದುಕೊಂಡಿರಲೂಬಹುದು. ಆಗ ಹಣ ತಾನಾಗಿ ಬರುವುದಿಲ್ಲ. ಯಂತ್ರಕ್ಕೆ ನೋಟು ತುಂಬುವವರು ಬಂದು ಎಣಿಸಿದಾಗ ಲೆಕ್ಕಕ್ಕಿಂತ 10,000 ರೂಪಾಯಿ, ಅಂದರೆ 500ರ 20 ನೋಟು ಹೆಚ್ಚು ಸಿಗುತ್ತವೆ. ಆ ಹೆಚ್ಚುವರಿಯನ್ನು ಈ ರೈತನ ವ್ಯವಹಾರಕ್ಕೆ ಜೋಡಿಸಲು ಬೇಕಾಗುವುದೇ ಯಂತ್ರದ ಸಂಖ್ಯೆ ಮತ್ತು ನಿಮಿಷ. ಸ್ವಲ್ಪ ಹಣ ಬಂದು ಸ್ವಲ್ಪ ಬರದಿದ್ದರೆ ಎಷ್ಟು ನೋಟು ಬಂದವು ಎಂಬುದನ್ನೂ ಹಾಗೆಯೇ ಎಣಿಸಿ ಬರೆಯಬೇಕು.

ಮುಂದಿನ ಸಾಲು “ಹತ್ತು ಸಾವಿರ ಹೋಯಿತು”. ಮನೆಯಲ್ಲಿ ಹೇಳುವಾಗ ಈ ಮಾತಿಗೆ ಒಂದೇ ಅರ್ಥ. ಬ್ಯಾಂಕಿನಲ್ಲಿ ಎರಡಿದೆ. ಖಾತೆದಾರ ತಾನೇ ಕೇಳಿದ ಹಣ ಯಂತ್ರದಿಂದ ಬಾರದಿದ್ದರೆ ಅದು ವಿಫಲ ವ್ಯವಹಾರ. ಬೇರೆ ಯಾರೋ ಕಾರ್ಡ್ ನಕಲು ಮಾಡಿಯೋ ಮೋಸದಿಂದಲೋ ತೆಗೆದಿದ್ದರೆ ಅದು ಅನಧಿಕೃತ ವ್ಯವಹಾರ. ಎರಡಕ್ಕೂ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳೇ ಬೇರೆ. ಮೋಸದ್ದಕ್ಕೆ 2024ರಲ್ಲಿ ಇದ್ದದ್ದು 2017ರ ಜುಲೈ 6ರ ಸುತ್ತೋಲೆ. ಅದರಲ್ಲಿ ಗ್ರಾಹಕನ ಹೊಣೆ ಆತ ಎಷ್ಟು ಬೇಗ ತಿಳಿಸಿದ ಎಂಬುದರ ಮೇಲೆ ನಿಲ್ಲುತ್ತಿತ್ತು. ವಿಫಲ ವ್ಯವಹಾರಕ್ಕೆ 2019ರ ಸೆಪ್ಟೆಂಬರ್ 20ರ ಸುತ್ತೋಲೆ. ಅದರಲ್ಲಿ ಗಡಿಯಾರ ಓಡುವುದು ಬ್ಯಾಂಕಿನ ಮೇಲೆ. “ಹೋಯಿತು” ಎಂದು ಬರೆದ ಅರ್ಜಿ ಮೋಸದ ವಿಭಾಗಕ್ಕೆ ಹೋಗಿ, ಅಲ್ಲಿಂದ “ಪೊಲೀಸ್ ದೂರಿನ ಪ್ರತಿ ತನ್ನಿ” ಎಂಬ ಉತ್ತರ ಬಂದರೆ ಆಗ ವ್ಯರ್ಥವಾಗುವುದು ರೈತನ ದಿನಗಳು. ಒಂದು ಕ್ರಿಯಾಪದ ಬದಲಿಸಿದರೆ ಸಾಕು: “ಖಾತೆಯಿಂದ ಕಡಿತವಾಗಿದೆ, ಹಣ ಕೈಗೆ ಬಂದಿಲ್ಲ.”

ಪತ್ರ ಯಾರಿಗೆ ಎಂಬುದರಲ್ಲೂ ಈ ರೈತ ಎಡವಿದ್ದಾನೆ. ಯಂತ್ರ ಒಂದು ಬ್ಯಾಂಕಿನದು, ಆತನ ಖಾತೆ ಮತ್ತು ಕಾರ್ಡ್ ಇನ್ನೊಂದು ಬ್ಯಾಂಕಿನದು. “ನಿಮ್ಮ ಎಟಿಎಂ” ಎಂದು ಯಂತ್ರದ ಒಡೆಯನಿಗೆ ಬರೆದಿದ್ದಾನೆ. ನ್ಯಾಯವಾಗಿ ನೋಡಿದರೆ ಅದೇ ಸರಿ ಎನಿಸುತ್ತದೆ, ಹಣ ಕೊಡದ್ದು ಆ ಯಂತ್ರವೇ ತಾನೆ. ಆದರೆ ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಅಂದರೆ ತನ್ನ ಖಾತೆಯ ಶಾಖೆಗೆ. ಯಂತ್ರದ ಬ್ಯಾಂಕಿನಿಂದ ಲೆಕ್ಕ ತರಿಸುವುದು ಆ ಎರಡು ಬ್ಯಾಂಕುಗಳ ನಡುವಿನ ಕೆಲಸ.

ವಿಳಾಸದಲ್ಲಿ ಈ ಭಾಗಕ್ಕೇ ಸೇರಿದ ಇನ್ನೊಂದು ತೊಡಕಿದೆ. ಉಸ್ಮಾನಾಬಾದ್ ಜಿಲ್ಲೆ 2023ರಲ್ಲಿ ಧಾರಾಶಿವ ಆಯಿತು. ಪಾಸ್‌ಬುಕ್ಕಿನಲ್ಲಿ ಹಳೆಯ ಹೆಸರಿದ್ದರೆ ಅರ್ಜಿಯಲ್ಲಿ ಎರಡನ್ನೂ ಬರೆಯುವುದು ಒಳ್ಳೆಯದು. ಖಾತೆದಾರನ ಹೆಸರನ್ನು ಮಾತ್ರ ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಬರೆಯಬೇಕು, ಊರಲ್ಲಿ ಕರೆಯುವ ಹೆಸರಿನಿಂದಲ್ಲ. ಖಾತೆ ಸಂಖ್ಯೆ ಪೂರ್ತಿ ಬೇಕು. ಕಾರ್ಡಿನದು ಕೊನೆಯ ನಾಲ್ಕು ಅಂಕಿ ಸಾಕು. ಪಿನ್, ಒಟಿಪಿ, ಕಾರ್ಡಿನ ಹಿಂಬದಿಯ ಮೂರಂಕಿ ಯಾವ ಅರ್ಜಿಯಲ್ಲೂ ಇರಕೂಡದು.

“ಎಷ್ಟೋ ಸಲ ಅಡ್ಡಾಡಿದೆ” ಎಂಬ ಸಾಲಿನ ಹಿಂದೆ ನಿಜವಾದ ನೋವಿದೆ. ಮಾಕಣಿಯಿಂದ ಉಮರ್ಗಾಕ್ಕೆ ಹೋಗಿ ಬರುವುದೆಂದರೆ ಬಸ್ ಚಾರ್ಜಿನ ಜೊತೆಗೆ ಹೊಲದ ಅರ್ಧ ದಿನದ ಕೆಲಸವೂ ಹೋಗುತ್ತದೆ. ಆ ನೋವು ಕಾಗದದ ಮೇಲೆ ಉಳಿಯಬೇಕಾದರೆ ಅದಕ್ಕೆ ತಾರೀಖು ಬೇಕು. ಕೇಳಿ ನೋಡಿದರೆ ಆತ ಹೋದದ್ದು ಎರಡು ಸಲ: ಜನವರಿ 12ರ ಶುಕ್ರವಾರ, 16ರ ಮಂಗಳವಾರ. ಮೊದಲ ಸಲ ಕೌಂಟರಿನಲ್ಲಿ “ತಾನಾಗಿ ಬರುತ್ತದೆ, ಕಾಯಿರಿ” ಎಂದರು. ಎರಡನೆಯ ಸಲ ಪಾಸ್‌ಬುಕ್ ಭರ್ತಿ ಮಾಡಿಸಿದಾಗ ಹಣ ಬಂದಿರಲಿಲ್ಲ. ಇಷ್ಟನ್ನೇ ಬರೆದರೆ “ಯಾರೂ ಕೇಳಲಿಲ್ಲ” ಎನ್ನುವುದಕ್ಕಿಂತ ಬಲ ಬರುತ್ತದೆ. ಎರಡನ್ನು “ಎಷ್ಟೋ” ಮಾಡಿದರೆ ಬ್ಯಾಂಕಿಗೆ ನಿರಾಕರಿಸಲು ಒಂದು ಸಾಲು ಕೊಟ್ಟಂತಾಗುತ್ತದೆ.

ಇನ್ನು ಕೊನೆಯ ಸಾಲು. “ಸೂಕ್ತ ಕ್ರಮ ಕೈಗೊಳ್ಳಬೇಕು” ಎಂಬುದು ನಮ್ಮ ಅರ್ಜಿಗಳ ಹಳೆಯ ರೂಢಿ. ಮಾಮಲೇದಾರರಿಗೂ ಅದೇ, ಗ್ರಾಮ ಪಂಚಾಯಿತಿಗೂ ಅದೇ, ಬ್ಯಾಂಕಿಗೂ ಅದೇ. ಮರ್ಯಾದೆಯ ಮಾತು ಅದು. ಆದರೆ ಯಾವ ಕ್ರಮ ಸೂಕ್ತ ಎಂದು ತೀರ್ಮಾನಿಸುವ ಅಧಿಕಾರವನ್ನು ಅದು ಪೂರ್ತಿ ಬ್ಯಾಂಕಿಗೇ ಒಪ್ಪಿಸಿಬಿಡುತ್ತದೆ. “ಸಂಬಂಧಪಟ್ಟ ವಿಭಾಗಕ್ಕೆ ಕಳುಹಿಸಿದ್ದೇವೆ” ಎಂಬ ಉತ್ತರವೂ ಒಂದು ಕ್ರಮವೇ. ಅರ್ಜಿದಾರ ಏನು ಕೇಳಿದ್ದ, ಏನು ಸಿಕ್ಕಲಿಲ್ಲ ಎಂದು ಆಮೇಲೆ ತೋರಿಸಲು ಆಧಾರ ಉಳಿಯುವುದಿಲ್ಲ.

ಪರಿಹಾರವನ್ನು ಬರೆಯಲು ಇಲ್ಲಿ ಅಳತೆ ಸಿದ್ಧವಾಗಿಯೇ ಇದೆ. 2019ರ ಆ ಸುತ್ತೋಲೆಯ ಪ್ರಕಾರ, ಎಟಿಎಂನಲ್ಲಿ ಖಾತೆಯಿಂದ ಕಡಿತವಾಗಿ ಹಣ ಬಾರದಿದ್ದರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ಬ್ಯಾಂಕ್ ತಾನಾಗಿಯೇ ಹಣ ಮರಳಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು, ಅದನ್ನೂ ಗ್ರಾಹಕ ಕೇಳುವವರೆಗೆ ಕಾಯದೆ. ಇಲ್ಲಿ ದಿನವೆಂದರೆ ಕ್ಯಾಲೆಂಡರಿನ ದಿನ. 2024ರ ಜನವರಿ 13 ಎರಡನೆಯ ಶನಿವಾರ, 14 ಭಾನುವಾರ. ಬ್ಯಾಂಕ್ ಮುಚ್ಚಿದ್ದ ಆ ಎರಡು ದಿನವನ್ನು ಕಳೆಯಬೇಕೇನೋ ಎಂದು ಹಲವರು ಅಂದುಕೊಳ್ಳುತ್ತಾರೆ, ಕೆಲವೊಮ್ಮೆ ಕೌಂಟರಿನವರೂ ಹಾಗೆ ಹೇಳುತ್ತಾರೆ. ಕಳೆಯಬೇಕಿಲ್ಲ. ಜನವರಿ 10 ವ್ಯವಹಾರದ ದಿನ, ಐದನೆಯ ದಿನ 15. ಹದಿನಾರರಿಂದ ದಿನಕ್ಕೆ ನೂರು ಏರತೊಡಗುತ್ತದೆ.

ಹಾಗಾದರೆ ಬೇಡಿಕೆ ಹೀಗಿರಬೇಕು: “ಒಂದು, 10,000 ರೂಪಾಯಿಯನ್ನು ನನ್ನ ಖಾತೆಗೆ ಮರಳಿಸಬೇಕು. ಎರಡು, 2024ರ ಜನವರಿ 16ರಿಂದ ಹಣ ಜಮಾ ಆಗುವ ದಿನದವರೆಗೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ಅದೇ ಖಾತೆಗೆ ಜಮಾ ಮಾಡಬೇಕು. ಮೂರು, ಬೇಡಿಕೆಯನ್ನು ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ, ಆ ಯಂತ್ರದ ಆ ಹೊತ್ತಿನ ದಾಖಲೆಯ ಪ್ರತಿ ಮತ್ತು ನಗದು ತಾಳೆಯ ವಿವರ ಕೊಡಬೇಕು.” ಮೂರನೆಯದನ್ನು ಹಲವರು ಬಿಡುತ್ತಾರೆ. “ನಮ್ಮ ದಾಖಲೆಯಂತೆ ವ್ಯವಹಾರ ಯಶಸ್ವಿಯಾಗಿದೆ” ಎಂಬ ಒಂದು ಸಾಲಿನ ಉತ್ತರ ಬಂದಾಗ ಅದರ ಬೆಲೆ ತಿಳಿಯುತ್ತದೆ. ಯಂತ್ರ “ಕೊಟ್ಟೆ” ಎಂದು ಬರೆದುಕೊಂಡಿರುವುದು ಒಂದು ದಾಖಲೆ, ಆಮೇಲೆ ಎಣಿಸಿದಾಗ ನೋಟು ಹೆಚ್ಚು ಸಿಕ್ಕಿತೇ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ತೋರಿಸಿದ ಉತ್ತರ ಅರ್ಧ ಉತ್ತರ.

ಕೆಲವರು ಇದೇ ಜಾಗದಲ್ಲಿ ಮಾನಸಿಕ ಹಿಂಸೆಗೆ ಐವತ್ತು ಸಾವಿರ ಎಂದು ಸೇರಿಸುತ್ತಾರೆ. ಕೇಳಬಾರದೆಂದೇನಿಲ್ಲ. 2021ರ ಲೋಕಪಾಲ ಯೋಜನೆಯಲ್ಲಿ ದೂರುದಾರನ ಸಮಯ, ಖರ್ಚು, ಕಿರುಕುಳಕ್ಕೆಂದು ಒಂದು ಲಕ್ಷ ರೂಪಾಯಿವರೆಗೆ ಕೊಡಿಸುವ ಅವಕಾಶವೂ ಇತ್ತು. ಆದರೆ ನಿಯಮದಿಂದಲೇ ಬರಬೇಕಾದ ನೂರರ ಲೆಕ್ಕವನ್ನೂ ಬೇರೆಯಾಗಿ ರುಜುವಾತು ಮಾಡಬೇಕಾದ ಈ ಬೇಡಿಕೆಯನ್ನೂ ಒಂದೇ ವಾಕ್ಯದಲ್ಲಿ ಕಲಸಬಾರದು. ಕಲಸಿದರೆ ಎರಡನೆಯದನ್ನು ತಳ್ಳಿಹಾಕುವ ಉತ್ತರ ಮೊದಲನೆಯದನ್ನೂ ಹೊತ್ತೊಯ್ಯುತ್ತದೆ.

ತಿದ್ದಿದ ಪತ್ರವನ್ನು ರೈತ ಜನವರಿ 18ರ ಗುರುವಾರ ತನ್ನ ಖಾತೆಯ ಶಾಖೆಗೆ ಒಯ್ಯುತ್ತಾನೆ ಎಂದಿಟ್ಟುಕೊಳ್ಳೋಣ. ಭಾಷೆ ಶಾಖೆಯವರು ಓದಬಲ್ಲದ್ದಾಗಿರಬೇಕು, ಇಲ್ಲಿ ಮರಾಠಿ. ಮನೆಯಲ್ಲಿ ಕನ್ನಡದಲ್ಲಿ ಸಂಗತಿಗಳನ್ನು ಜೋಡಿಸಿ ಆಮೇಲೆ ಮರಾಠಿಗೆ ಇಳಿಸಿದರೂ ಅಂಕಿಗಳನ್ನು ಚೀಟಿಯಲ್ಲಿರುವಂತೆಯೇ ಇಡುವುದು ಲೇಸು. ಹನ್ನೆರಡು ಅಂಕಿಗಳನ್ನು ಒಂದು ಲಿಪಿಯಿಂದ ಇನ್ನೊಂದಕ್ಕೆ ಇಳಿಸುವಾಗ ಒಂದು ತಪ್ಪಿದರೂ ವ್ಯವಹಾರ ಸಿಗುವುದಿಲ್ಲ. ಎರಡು ಪ್ರತಿ ಒಯ್ದು ಒಂದರ ಮೇಲೆ ಶಿಕ್ಕಾ, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಇದಕ್ಕೆ ಆ ಕಡೆಯ ಮರಾಠಿಯಲ್ಲಿ ಪೋಚ ಎನ್ನುತ್ತಾರೆ, ಕನ್ನಡದ ಮಾತಿನಲ್ಲೂ ಅದೇ ಪದ ಓಡಾಡುತ್ತದೆ. ಪೋಚ ಇಲ್ಲದ ಅರ್ಜಿ ಕೊಡದ ಅರ್ಜಿಗೆ ಸಮ. ಮುಂದಿನ ಗಡುವೆಲ್ಲ ಆ ಶಿಕ್ಕೆಯ ತಾರೀಖಿನಿಂದಲೇ ಎಣಿಕೆಯಾಗುತ್ತದೆ.

2021ರ ನವೆಂಬರ್ 12ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ಸಮಗ್ರ ಲೋಕಪಾಲ ಯೋಜನೆಯಡಿ ಆಗ ಇದ್ದ ಕ್ರಮ ಹೀಗಿತ್ತು: ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟಿರಬೇಕು. ಬ್ಯಾಂಕ್ ತಿರಸ್ಕರಿಸಿದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ಅಥವಾ 30 ದಿನ ಉತ್ತರವೇ ಬಾರದಿದ್ದರೆ ಲೋಕಪಾಲರ ಬಳಿ ಹೋಗಬಹುದು. ಜನವರಿ 18ಕ್ಕೆ 30 ದಿನ ಸೇರಿಸಿದರೆ ಫೆಬ್ರುವರಿ 17. ಬ್ಯಾಂಕಿನ ಉತ್ತರವೂ ಬಾರದೆ, ಆ ದಿನವೂ ತುಂಬದೆ ಧಾವಿಸಿದ ದೂರುಗಳನ್ನು ಅವಧಿ ಮುಗಿದಿಲ್ಲವೆಂಬ ಕಾರಣದಿಂದಲೇ ಕೈಬಿಡಲಾಗುತ್ತಿತ್ತು. ದೂರು ಕೊಡುವ ತಾಣ cms.rbi.org.in. 14448ಕ್ಕೆ ಕರೆ ಮಾಡಿದರೆ ಮಾಹಿತಿ ಕೊಡುವ ಭಾಷೆಗಳಲ್ಲಿ ಮರಾಠಿಯೂ ಇದೆ, ಕನ್ನಡವೂ ಇದೆ. ಗಡಿಯ ಊರಿನವರು ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು.

ಇನ್ನೊಂದು ತಿದ್ದುಪಡಿ ಅರ್ಜಿ ಕೊಟ್ಟ ಮೇಲೆ ಬರುತ್ತದೆ, ಅಲ್ಲಿ ಎಡವುವವರು ಬಹಳ. ಜನವರಿ 24ರ ಬುಧವಾರ 10,000 ರೂಪಾಯಿ ಖಾತೆಗೆ ಜಮಾ ಆಯಿತು ಎನ್ನಿ. ಮನೆಯವರಿಗೆಲ್ಲ ನೆಮ್ಮದಿ. ಆದರೆ ದಿನಕ್ಕೆ ನೂರರ ಪರಿಹಾರ ಬಂದಿಲ್ಲ. ಹದಿನೈದರ ಗಡುವು ಮೀರಿ ಒಂಬತ್ತು ದಿನ, ಅಂದರೆ 900 ರೂಪಾಯಿ ಬಾಕಿ. ಈಗ ಹಳೆಯ ಅರ್ಜಿಯನ್ನೇ ಮತ್ತೊಮ್ಮೆ ಬರೆದು ಕೊಟ್ಟರೆ ಬ್ಯಾಂಕ್ ಮೊದಲ ಬೇಡಿಕೆಯನ್ನು ನೋಡಿ “ಹಣ ಜಮಾ ಆಗಿದೆ” ಎಂದು ದೂರನ್ನು ಮುಚ್ಚುತ್ತದೆ, ಅದರಲ್ಲಿ ಸುಳ್ಳೂ ಇರುವುದಿಲ್ಲ. ಬಂದದ್ದನ್ನು ಬಂದಿದೆ ಎಂದು ಒಪ್ಪಿ, ಉಳಿದದ್ದನ್ನು ಮಾತ್ರ ಕೇಳುವ ಹೊಸ ಪತ್ರ ಬೇಕು. ಅದು ಮೊದಲಿನದಕ್ಕಿಂತ ಬಹಳ ಚಿಕ್ಕದು:

“18 ಜನವರಿ 2024ರ ನನ್ನ ದೂರು, ಪೋಚ ಪ್ರತಿ ಲಗತ್ತಿಸಿದೆ. 10 ಜನವರಿಯ ವಿಫಲ ಎಟಿಎಂ ವ್ಯವಹಾರದ 10,000 ರೂಪಾಯಿ 24 ಜನವರಿ 2024ರಂದು ಜಮಾ ಆಗಿದೆ. ರಿಸರ್ವ್ ಬ್ಯಾಂಕಿನ 20 ಸೆಪ್ಟೆಂಬರ್ 2019ರ ಸುತ್ತೋಲೆಯಂತೆ ಗಡುವು 15 ಜನವರಿಗೆ ಮುಗಿದಿತ್ತು. 16ರಿಂದ 24ರವರೆಗಿನ ಒಂಬತ್ತು ದಿನಕ್ಕೆ 900 ರೂಪಾಯಿ ಪರಿಹಾರ ಜಮಾ ಆಗಿಲ್ಲ. ಅದನ್ನು ನನ್ನ ಖಾತೆಗೆ ಜಮಾ ಮಾಡಿ, ಜಮಾ ಮಾಡಿದ ತಾರೀಖನ್ನು ಲಿಖಿತವಾಗಿ ತಿಳಿಸಬೇಕು. ಅದು ಜಮಾ ಆಗುವವರೆಗೆ ಈ ದೂರು ಬಗೆಹರಿದಿದೆ ಎಂದು ನಾನು ಒಪ್ಪಿಲ್ಲ.”